ಪಾರ್ಚ್‌ಮೆಂಟ್, ಚೆರಿ ಮತ್ತು ಗೂಗಲ್‌ನ ಮೇಲಿನ ಪೆಟ್ಟಿಗೆ: ಕೊಡಗಿನ ಒಂದು ಕಾಫಿ ಪುಟದ ಪ್ರಕರಣ ಅಧ್ಯಯನ

ಸಿದ್ದಾಪುರದ ಕಡೆ ತೋಟವಿರುವ ಒಂದು ಕುಟುಂಬವು ತಾನು ಬೆಳೆದ ಕಾಫಿಯನ್ನು ಹುರಿದು, ಪುಡಿ ಮಾಡಿಸಿ, ಸ್ವಂತ ಜಾಲತಾಣದ ಮೂಲಕ ಮಾರುತ್ತದೆ. ಸುತ್ತಲಿನ ಸಣ್ಣ ಬೆಳೆಗಾರರಿಂದ ರೊಬಸ್ಟಾ ಚೆರಿಯನ್ನೂ ಕೊಳ್ಳುತ್ತದೆ. ಆ ಜಾಲತಾಣದಲ್ಲಿ ಕಾಫಿ ಸಂಸ್ಕರಣೆಯ ಬಗ್ಗೆ ಕನ್ನಡದ ಒಂದು ಉದ್ದನೆಯ ಪುಟವಿತ್ತು. ಬರೆದದ್ದು ಮನೆಯವರೇ ಆದ್ದರಿಂದ ವಿಷಯದಲ್ಲಿ ತಪ್ಪಿರಲಿಲ್ಲ. ಆದರೂ ಪಾರ್ಚ್‌ಮೆಂಟ್ ಎಂದರೇನು, ಅದಕ್ಕೂ ಚೆರಿಗೂ ಏನು ವ್ಯತ್ಯಾಸ, ಮನೆಯ ಕಣದಲ್ಲೇ ಪಾರ್ಚ್‌ಮೆಂಟ್ ಮಾಡುವುದು ಹೇಗೆ ಎಂದು ಹುಡುಕಿದವರಿಗೆ ಗೂಗಲ್ ತನ್ನ ಫಲಿತಾಂಶಗಳ ಮೇಲ್ಭಾಗದ ಪೆಟ್ಟಿಗೆಯಲ್ಲಿ ಬೇರೆ ಪುಟಗಳ ಉತ್ತರವನ್ನು ತೋರಿಸುತ್ತಿತ್ತು, ಅಥವಾ ಯಾವ ಉತ್ತರವನ್ನೂ ತೋರಿಸುತ್ತಿರಲಿಲ್ಲ. ಪುಟವನ್ನು ಹೇಗೆ ತಿದ್ದಲಾಯಿತು, ಯಾವ ತಿದ್ದುಪಡಿ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದರ ವಿವರ ಇಲ್ಲಿದೆ. ತಿದ್ದುವ ಕೆಲಸ ನನ್ನದಾಗಿತ್ತು.

ಆ ಪೆಟ್ಟಿಗೆಯ ಹೆಸರು ಫೀಚರ್ಡ್ ಸ್ನಿಪೆಟ್. ಹುಡುಕಿದವರ ಪ್ರಶ್ನೆಗೆ ಉತ್ತರವೆನಿಸುವ ಒಂದು ತುಣುಕನ್ನು ಯಾವುದೋ ಒಂದು ಪುಟದಿಂದ ಎತ್ತಿ, ಆ ಪುಟದ ಕೊಂಡಿಯೊಂದಿಗೆ ಗೂಗಲ್ ಉಳಿದ ಫಲಿತಾಂಶಗಳಿಗಿಂತ ಮೇಲೆ ತೋರಿಸುತ್ತದೆ. 2014ರಿಂದ ರೂಢಿಯಲ್ಲಿರುವ ಈ ತುಣುಕು ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು ಪುಟ್ಟ ಪ್ಯಾರಾ, ಒಂದು ಪಟ್ಟಿ, ಇಲ್ಲವೇ ಒಂದು ಕೋಷ್ಟಕ. ಕೆಲವು ಪ್ರಶ್ನೆಗಳಿಗೆ ವಿಡಿಯೊ ಕೂಡ ಆ ಜಾಗಕ್ಕೆ ಬರುತ್ತದೆ. ನಮ್ಮ ಪುಟವನ್ನು ಆ ಜಾಗಕ್ಕೆ ಸೂಚಿಸುವ ಗುರುತು ಅಥವಾ ಕೋಡ್ ಯಾವುದೂ ಇಲ್ಲ. ಆಯ್ಕೆ ಪೂರ್ತಿಯಾಗಿ ಗೂಗಲ್‌ನ ವ್ಯವಸ್ಥೆಯದು. ಆ ವ್ಯವಸ್ಥೆಯು ಸಾಮಾನ್ಯವಾಗಿ ಆ ಪ್ರಶ್ನೆಗೆ ಮೊದಲ ಪುಟದಲ್ಲಿ ಈಗಾಗಲೇ ಬರುತ್ತಿರುವ ಪುಟಗಳಿಂದಲೇ ತುಣುಕನ್ನು ಆರಿಸುತ್ತದೆ. ಹೀಗಾಗಿ ಬರವಣಿಗೆಯ ರೂಪವನ್ನು ತಿದ್ದುವುದರಿಂದ ಮೊದಲ ಪುಟದಲ್ಲಿರುವವರಿಗೆ ಮಾತ್ರ ಲಾಭವಾಗುತ್ತದೆ. ಮೂರನೆಯ ಪುಟದಲ್ಲಿರುವವರು ಎಷ್ಟೇ ಅಚ್ಚುಕಟ್ಟಾಗಿ ಬರೆದರೂ ಅದು ಆ ಪೆಟ್ಟಿಗೆಯನ್ನು ತಲುಪುವ ಸಂಭವ ಕಡಿಮೆ.

ಆದ್ದರಿಂದ ಬರವಣಿಗೆಗೆ ಕೈಹಾಕುವ ಮೊದಲು ಸರ್ಚ್ ಕನ್ಸೋಲ್ ನೋಡಲಾಯಿತು; ಹುಡುಕಾಟದಲ್ಲಿ ತಮ್ಮ ಪುಟಗಳು ಹೇಗೆ ಕಾಣಿಸಿಕೊಳ್ಳುತ್ತವೆಂದು ಜಾಲತಾಣದ ಮಾಲೀಕರಿಗೆ ತೋರಿಸುವ ಗೂಗಲ್ ಸೌಲಭ್ಯ ಅದು. ಅದರ ಪರ್ಫಾರ್ಮೆನ್ಸ್ ವರದಿಯಲ್ಲಿ ಈ ಒಂದು ಪುಟವನ್ನಷ್ಟೇ ಆರಿಸಿಕೊಂಡು, ಜನ ಯಾವ ಮಾತುಗಳಿಂದ ಹುಡುಕಿದಾಗ ಅದು ಕಾಣಿಸಿತ್ತು ಮತ್ತು ಪ್ರತಿ ಪ್ರಶ್ನೆಗೂ ಅದರ ಸರಾಸರಿ ಸ್ಥಾನವೇನು ಎಂಬುದನ್ನು ಪರಿಶೀಲಿಸಿದೆವು. ಅರ್ಥ ಕೇಳುವ ಪ್ರಶ್ನೆಗಳಿಗೂ ವ್ಯತ್ಯಾಸ ಕೇಳುವ ಪ್ರಶ್ನೆಗಳಿಗೂ ಪುಟ ಮೊದಲ ಹತ್ತರ ಒಳಗಿತ್ತು. ಮಾಡುವ ವಿಧಾನ ಕೇಳುವ ಪ್ರಶ್ನೆಗಳಿಗೆ ಅದು ಹತ್ತರ ಆಚೆಗಿತ್ತು. ಮುಂದೆ ಸಿಕ್ಕ ಫಲಿತಾಂಶವನ್ನು ಈ ಒಂದು ಅಂಶವೇ ಬಹುಮಟ್ಟಿಗೆ ವಿವರಿಸುತ್ತದೆ. ಚೆರಿ, ಚೆರ್ರಿ ಎಂಬ ಎರಡು ಕಾಗುಣಿತಗಳಲ್ಲೂ ಜನ ಹುಡುಕಿದ್ದರು, ಪಾರ್ಚ್‌ಮೆಂಟ್ ಎಂಬುದನ್ನಂತೂ ಇನ್ನೂ ಹಲವು ಬಗೆಯಲ್ಲಿ ಬರೆದಿದ್ದರು. ಅಷ್ಟನ್ನೂ ಪುಟದೊಳಗೆ ತುರುಕುವ ಅಗತ್ಯ ಕಾಣಲಿಲ್ಲ. ಮಂಡಿಯಲ್ಲಿ ಓಡಾಡುವ ರೂಪವನ್ನೇ ಉಳಿಸಿಕೊಂಡೆವು.

ಹಳೆಯ ಪುಟದಲ್ಲಿ ಪಾರ್ಚ್‌ಮೆಂಟ್ ಎಂಬ ಮಾತು ಮೊದಲು ಬರುತ್ತಿದ್ದುದು ನಾಲ್ಕನೆಯ ಪ್ಯಾರಾದಲ್ಲಿ. ಅದೂ ಹೀಗಿತ್ತು: "ಅಜ್ಜಂದಿರ ಕಾಲದಿಂದ ಬಂದ ಕ್ರಮದಲ್ಲಿ, ಕೆಂಪಗೆ ಹಣ್ಣಾದ ಕಾಯಿಗಳನ್ನಷ್ಟೇ ಆರಿಸಿ ಕೊಯ್ದು, ಅಂದೇ ಸಿಪ್ಪೆ ತೆಗೆದು, ತೊಟ್ಟಿಯಲ್ಲಿ ಹುದುಗಿಸಿ, ತೊಳೆದು, ಬಿಸಿಲಿನಲ್ಲಿ ತಾಳ್ಮೆಯಿಂದ ಒಣಗಿಸಿ ನಾವು ಸಿದ್ಧಪಡಿಸುವ ಈ ಕಾಫಿಯನ್ನೇ ಪಾರ್ಚ್‌ಮೆಂಟ್ ಎನ್ನುತ್ತಾರೆ." ಓದಲು ಇದು ಹಿತವಾದ ವಾಕ್ಯವೇ. ಆದರೆ ಪುಟದಿಂದ ಕತ್ತರಿಸಿ ಹೊರಗಿಟ್ಟರೆ ಇದರಲ್ಲಿ ಎರಡು ದೋಷಗಳು ಕಾಣುತ್ತವೆ. ಮೊದಲನೆಯದಾಗಿ, 'ನಾವು', 'ಈ' ಎಂಬ ಮಾತುಗಳಿಗೆ ಪುಟದ ಹೊರಗೆ ಆಧಾರವಿಲ್ಲ. ಎರಡನೆಯದಾಗಿ, ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು ಮುಖ್ಯ ಪದ ಕೊನೆಗೆ ನಿಲ್ಲುವುದರಿಂದ, ಯಾವುದರ ವಿವರಣೆ ಇದು ಎಂದು ತಿಳಿಯಲು ವಾಕ್ಯದ ತುದಿಯವರೆಗೆ ಹೋಗಬೇಕಾಗುತ್ತದೆ. ಮೊಬೈಲ್ ಪರದೆಯ ಪೆಟ್ಟಿಗೆಯಲ್ಲಿ ವಾಕ್ಯ ಮಧ್ಯದಲ್ಲೇ ತುಂಡಾದರೆ ಉಳಿಯುವುದು ವಿಶೇಷಣಗಳು ಮಾತ್ರ.

ಹೊಸ ಪುಟದಲ್ಲಿ "ಪಾರ್ಚ್‌ಮೆಂಟ್ ಕಾಫಿ ಎಂದರೇನು?" ಎಂಬ ಉಪಶೀರ್ಷಿಕೆಯನ್ನು `<h2>` ಆಗಿ ಇಟ್ಟು, ಅದರ ಕೆಳಗೆ ಚಿತ್ರವನ್ನಾಗಲಿ ಪೀಠಿಕೆಯನ್ನಾಗಲಿ ಹಾಕದೆ ನೇರವಾಗಿ ಈ ಪ್ಯಾರಾ ಇಡಲಾಯಿತು:

"ಪಾರ್ಚ್‌ಮೆಂಟ್ ಕಾಫಿ ಎಂದರೆ ಒದ್ದೆ ವಿಧಾನದಲ್ಲಿ ಸಂಸ್ಕರಿಸಿ, ತೆಳುವಾದ ಹೊರಪೊರೆಯ ಸಮೇತ ಒಣಗಿಸಿದ ಕಾಫಿ ಬೀಜ. ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಯಂತ್ರದಲ್ಲಿ ತೆಗೆದು, ಬೀಜಕ್ಕೆ ಅಂಟಿದ ಲೋಳೆಯನ್ನು ಹುದುಗಿಸಿ ಅಥವಾ ಯಂತ್ರದಲ್ಲಿ ಉಜ್ಜಿ ತೊಳೆದ ಮೇಲೆ ಬೀಜವನ್ನು ಒಣಗಿಸಲಾಗುತ್ತದೆ. ಹಣ್ಣನ್ನು ಸಿಪ್ಪೆಯ ಸಮೇತ ಒಣಗಿಸಿದರೆ ಅದು ಚೆರಿ ಕಾಫಿ."

ಇದರಲ್ಲಿ 35 ಪದಗಳಿವೆ. ಇಂಗ್ಲಿಷ್‌ನಲ್ಲಿ ಇಂಥ ಪ್ಯಾರಾಗಳನ್ನು ಬರೆಯುವವರು 40ರಿಂದ 60 ಪದಗಳ ಮಿತಿಯನ್ನು ರೂಢಿಯಾಗಿ ಇಟ್ಟುಕೊಳ್ಳುತ್ತಾರೆ. ಅದು ಗೂಗಲ್ ಪ್ರಕಟಿಸಿದ ನಿಯಮವಲ್ಲ, ಕೆಲಸ ಮಾಡುವವರು ಕಂಡುಕೊಂಡ ಅಂದಾಜು. ಆ ಎಣಿಕೆಯನ್ನು ಕನ್ನಡಕ್ಕೆ ಹಾಗೆಯೇ ತರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ನಮ್ಮ ಒಂದು ಪದ ಅವರ ಎರಡು ಮೂರು ಪದಗಳ ಕೆಲಸ ಮಾಡುತ್ತದೆ, ಪರದೆಯ ಮೇಲೆ ಹೆಚ್ಚು ಅಗಲವನ್ನೂ ಹಿಡಿಯುತ್ತದೆ. ಆದ್ದರಿಂದ ಪದ ಎಣಿಸುವುದನ್ನು ಬಿಟ್ಟು, ಪ್ಯಾರಾವನ್ನು ಮೊಬೈಲಿನಲ್ಲಿ ತೆರೆದು, ಮೊದಲ ವಾಕ್ಯವೊಂದೇ ಉಳಿದರೂ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಎಂದು ನೋಡಿದೆವು. ಮೊದಲ ವಾಕ್ಯದಲ್ಲಿ ಕೇಳಿದ ವಸ್ತು, ಅದು ಯಾವ ಜಾತಿಗೆ ಸೇರಿದ್ದು, ಅದನ್ನು ಬೇರೆ ಮಾಡುವ ಒಂದು ಲಕ್ಷಣ ಇಷ್ಟೇ ಇವೆ. ಕ್ರಮ ಎರಡನೆಯ ವಾಕ್ಯಕ್ಕೆ ಹೋಯಿತು. ಅಜ್ಜಂದಿರ ಮಾತು ಕೆಳಗೆ, ತೋಟದ ಪರಿಚಯಕ್ಕೆ ಹೋಯಿತು, ಮತ್ತು ನನ್ನ ಮಟ್ಟಿಗೆ ಅದು ಅಲ್ಲಿಯೇ ಹೆಚ್ಚು ಚೆನ್ನಾಗಿ ಕೂರುತ್ತದೆ.

'ಅಥವಾ ಯಂತ್ರದಲ್ಲಿ ಉಜ್ಜಿ' ಎಂಬ ಮಾತನ್ನು ತೆಗೆದುಹಾಕಿದ್ದರೆ ವಾಕ್ಯ ಇನ್ನೂ ನಯವಾಗುತ್ತಿತ್ತು. ಆದರೆ ಲೋಳೆಯನ್ನು ಹುದುಗಿಸದೆ ಯಂತ್ರದಿಂದಲೇ ತೆಗೆಯುವ ತೋಟಗಳೂ ಇವೆ, ಅವುಗಳ ಕಾಫಿಯೂ ಪಾರ್ಚ್‌ಮೆಂಟೇ. ಪೆಟ್ಟಿಗೆಯಲ್ಲಿ ಓದುವವನಿಗೆ ಕೆಳಗಿನ ಪ್ಯಾರಾದ ತಿದ್ದುಪಡಿ ಕಾಣುವುದಿಲ್ಲವಾದ್ದರಿಂದ, ವಿನಾಯಿತಿಯೊಂದು ಇದ್ದರೆ ಅದು ಅದೇ ವಾಕ್ಯದ ಒಳಗೇ ಇರಬೇಕಾಗುತ್ತದೆ.

ಹಂತಗಳ ಭಾಗದಲ್ಲಿ ಇದೇ ಸಮಸ್ಯೆ ಇನ್ನೂ ಗಟ್ಟಿಯಾಗಿ ಎದುರಾಯಿತು. ಹಳೆಯ ಪುಟದಲ್ಲಿ ಹಂತಗಳು ಪ್ಯಾರಾಗಳಾಗಿದ್ದವು, ಅವುಗಳ ಮುಂದೆ ಸಂಖ್ಯೆಗಳನ್ನು ಕೈಯಿಂದ ಬೆರಳಚ್ಚಿಸಲಾಗಿತ್ತು, ಎರಡನೆಯ ಮತ್ತು ಮೂರನೆಯ ಹಂತದ ನಡುವೆ ಯಂತ್ರದ ಫೋಟೋ ಮತ್ತು ಮಾರಾಟದ ಕೊಂಡಿಯೊಂದು ಕುಳಿತಿದ್ದವು. ಹೀಗಿದ್ದಾಗ ಯಾವುದು ಹಂತ, ಯಾವುದು ನಡುವಿನ ಮಾತು ಎಂದು ಯಂತ್ರ ಊಹಿಸಬೇಕಾಗುತ್ತದೆ. ಎಲ್ಲವನ್ನೂ `<ol>` ಪಟ್ಟಿಗೆ ತಂದು, ಪ್ರತಿ `<li>`ಯಲ್ಲಿ ಒಂದೇ ಕೆಲಸವನ್ನು ಇಟ್ಟು, ವಿವರಣೆಯನ್ನು ಪಟ್ಟಿಯ ಕೆಳಗೆ ಬೇರೆ ಉಪಶೀರ್ಷಿಕೆಗಳಲ್ಲಿ ಬರೆದೆವು. ಪಟ್ಟಿ ತೀರ ಉದ್ದವಾದರೆ ಪೆಟ್ಟಿಗೆಯಲ್ಲಿ ಕೆಲವೇ ಸಾಲುಗಳು ಕಾಣಿಸಿ ಉಳಿದವು ಮರೆಯಾಗುತ್ತವೆ. ಒಂದು ಸಾಲು ಉದ್ದವಾದರೆ ಆ ಸಾಲಿನ ಬಾಲ ಮೂರು ಚುಕ್ಕಿಯಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಆ ಬಾಲದಲ್ಲೇ ಇರುವುದರಿಂದ, ಉದ್ದನೆಯ ಸಾಲು ತುಂಡಾದಾಗ ಏನು ಮಾಡಬೇಕೆಂಬ ಮಾತೇ ಕಳೆದುಹೋಗುತ್ತದೆ.

ಮೂರನೆಯ ಹಂತದ ಮೊದಲ ಕರಡಿನಲ್ಲಿ "ಬೀಜವನ್ನು ತೊಟ್ಟಿಯಲ್ಲಿ 36 ಗಂಟೆ ಹುದುಗಿಸಿ" ಎಂದಿತ್ತು. ಚಿಕ್ಕದು, ಸ್ಪಷ್ಟ, ಸಂಖ್ಯೆಯುಳ್ಳದ್ದು. ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿತ್ತು. ಮನೆಯ ಹಿರಿಯರು ಅದನ್ನು ಓದಿದ ಕೂಡಲೇ ತಡೆದರು: "ಗಂಟೆ ನೋಡಿ ತೊಳೆಯುವುದಲ್ಲ ಮರೀ, ಕೈಯಲ್ಲಿ ಉಜ್ಜಿ ನೋಡಿ ತೊಳೆಯುವುದು. ಚಳಿ ಜಾಸ್ತಿ ಇದ್ದರೆ ಇನ್ನೂ ಹೊತ್ತು ಬೇಕು. ರೊಬಸ್ಟಾಕ್ಕಂತೂ ನಿನ್ನ ಲೆಕ್ಕ ನಡೆಯುವುದೇ ಇಲ್ಲ." ಅವರು ಹೇಳಿದ್ದು ಸರಿಯಾಗಿತ್ತು. ಅರೇಬಿಕಾದ ಲೋಳೆ ಸಾಮಾನ್ಯವಾಗಿ 24ರಿಂದ 36 ಗಂಟೆಯಲ್ಲಿ ಬಿಡುತ್ತದೆ, ಆದರೆ ತಂಪಿನಲ್ಲಿ ಅದು ನಿಧಾನವಾಗುತ್ತದೆ. ರೊಬಸ್ಟಾದ ಲೋಳೆ ಹೆಚ್ಚು ದಪ್ಪವಾದುದರಿಂದ ಅದಕ್ಕೆ ಗಣನೀಯವಾಗಿ ಹೆಚ್ಚು ಸಮಯ ಹಿಡಿಯುತ್ತದೆ. ಕಡಿಮೆ ಹುದುಗಿಸಿದರೆ ಲೋಳೆ ಉಳಿದು ಒಣಗುವಾಗ ಬೂಷ್ಟು ಹಿಡಿಯುವ ಅಪಾಯವಿದೆ. ಹೆಚ್ಚು ಹುದುಗಿಸಿದರೆ ಹುಳಿ ವಾಸನೆ ಬೀಜಕ್ಕೆ ಇಳಿದು ಕಾಫಿಯ ಬೆಲೆ ಬೀಳುತ್ತದೆ. ಒಂದೇ ಸಂಖ್ಯೆಯನ್ನು ಪೆಟ್ಟಿಗೆಗೆ ಕಳಿಸಿದ್ದರೆ, ಅದನ್ನಷ್ಟೇ ಓದಿ ತೊಟ್ಟಿ ತುಂಬಿದ ಸಣ್ಣ ಬೆಳೆಗಾರನ ಒಂದು ತೊಟ್ಟಿ ಕಾಫಿಗೆ ಯಾರು ಜವಾಬ್ದಾರಿ ಎಂಬ ಪ್ರಶ್ನೆ ಏಳುತ್ತಿತ್ತು.

ತಿದ್ದಿದ ಪಟ್ಟಿ ಹೀಗಾಯಿತು:

1. ಹಣ್ಣಾದ ಕಾಯಿಗಳನ್ನಷ್ಟೇ ಕೊಯ್ದು, ಹಸಿರು ಕಾಯಿಗಳನ್ನು ಬೇರ್ಪಡಿಸಿ.
2. ಕೊಯ್ದ ದಿನವೇ ಪಲ್ಪರ್‌ನಲ್ಲಿ ಸಿಪ್ಪೆ ತೆಗೆಯಿರಿ.
3. ಉಜ್ಜಿದರೆ ಗರಸಿನಂತೆ ತಗುಲುವವರೆಗೆ ಹುದುಗಿಸಿ. ಅರೇಬಿಕಾಕ್ಕೆ ಸಾಮಾನ್ಯವಾಗಿ 24–36 ಗಂಟೆ.
4. ಲೋಳೆ ಪೂರ್ತಿ ಹೋಗುವಂತೆ ಶುದ್ಧ ನೀರಿನಲ್ಲಿ ತೊಳೆಯಿರಿ.
5. ನೀರು ಬಸಿದು, ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತ ಒಣಗಿಸಿ.
6. ತೇವಾಂಶ ಶೇಕಡಾ 10ಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿ.

ಮೂರನೆಯ ಸಾಲಿನಲ್ಲಿ ಪರೀಕ್ಷೆಯ ಗುರುತು ಮತ್ತು ಕ್ರಿಯಾಪದ ಮೊದಲಿಗೆ ಬಂದು ಗಂಟೆಗಳ ಲೆಕ್ಕ ಕೊನೆಗೆ ಹೋಗಿದೆ. ಸಾಲು ತುಂಡಾದರೆ ಗಂಟೆಗಳು ಹೋಗುತ್ತವೆ, ಪರೀಕ್ಷೆ ಉಳಿಯುತ್ತದೆ. ಯಾವ ಮಾತು ಕಳೆದುಹೋದರೆ ನಷ್ಟವಿಲ್ಲವೋ ಅದನ್ನು ಬಾಲಕ್ಕೆ ಸರಿಸುವ ಈ ಜೋಡಣೆಯನ್ನು ಆಮೇಲೆ ಜಾಲತಾಣದ ಉಳಿದ ಪುಟಗಳಿಗೂ ಅನ್ವಯಿಸಿದೆವು.

ಹಂತಗಳಿಗೆ ಹೌ-ಟು ಸ್ಕೀಮಾ, ಅಂದರೆ ಇವು ಮಾಡುವ ಹಂತಗಳೆಂದು ಗೂಗಲ್‌ಗೆ ತಿಳಿಸುವ ಕೋಡ್, ಸೇರಿಸಬೇಕೆಂಬ ಸಲಹೆಯೂ ಬಂದಿತ್ತು. ಗೂಗಲ್ 2023ರಲ್ಲಿ ಹೌ-ಟು ಫಲಿತಾಂಶಗಳನ್ನು ತೋರಿಸುವುದನ್ನೇ ನಿಲ್ಲಿಸಿದೆ, ಮತ್ತು ಫೀಚರ್ಡ್ ಸ್ನಿಪೆಟ್‌ಗೆ ಸ್ಕೀಮಾ ಮೊದಲಿನಿಂದಲೂ ಅಗತ್ಯವಾಗಿರಲಿಲ್ಲ. ಆ ಕೆಲಸವನ್ನು ಕೈಬಿಟ್ಟೆವು.

ಕೋಷ್ಟಕದ ಕಥೆ ಬೇರೆ. ಹಳೆಯ ಪುಟದಲ್ಲಿ ಪಾರ್ಚ್‌ಮೆಂಟ್ ಮತ್ತು ಚೆರಿಯ ಹೋಲಿಕೆ ಒಂದು ಸುಂದರ ಚಿತ್ರವಾಗಿತ್ತು. ಹಿನ್ನೆಲೆಯಲ್ಲಿ ಕಾಫಿ ಹೂವು, ಮೇಲೆ ಅಕ್ಷರಗಳು. ಚಿತ್ರದೊಳಗಿನ ಅಕ್ಷರಗಳಿಂದ ಗೂಗಲ್ ಕೋಷ್ಟಕದ ಪೆಟ್ಟಿಗೆ ಕಟ್ಟುವುದಿಲ್ಲ. ಜಾಲತಾಣದ ಥೀಮಿನಲ್ಲಿದ್ದ ಕೋಷ್ಟಕದ ಸೌಲಭ್ಯವೂ ನೋಡಲಷ್ಟೇ ಕೋಷ್ಟಕವಾಗಿದ್ದು, ಒಳಗೆಲ್ಲ `<div>`ಗಳಾಗಿತ್ತು. ಇದನ್ನು ತಿಳಿಯಲು ಬ್ರೌಸರಿನಲ್ಲಿ ಕೋಷ್ಟಕದ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿದರೆ ಸಾಕು. ಅಲ್ಲಿ `<table>` ಕಾಣದಿದ್ದರೆ ಯಂತ್ರದ ಕಣ್ಣಿಗೆ ಅದು ಕೋಷ್ಟಕವೆಂದು ಸುಲಭವಾಗಿ ತೋರುವುದಿಲ್ಲ. ನಾವು ಕೈಯಿಂದಲೇ ಬರೆದೆವು:

```html
<h2>ಪಾರ್ಚ್‌ಮೆಂಟ್ ಮತ್ತು ಚೆರಿ ಕಾಫಿಯ ವ್ಯತ್ಯಾಸ</h2>
<table>
  <tr><th>ಅಂಶ</th><th>ಪಾರ್ಚ್‌ಮೆಂಟ್</th><th>ಚೆರಿ</th></tr>
  <tr><td>ವಿಧಾನ</td><td>ಒದ್ದೆ</td><td>ಒಣ</td></tr>
  <tr><td>ಒಣಗಿಸುವುದು</td><td>ಸಿಪ್ಪೆ ತೆಗೆದ ಬೀಜ</td><td>ಇಡೀ ಹಣ್ಣು</td></tr>
  <tr><td>ಬೇಕಾದ ನೀರು</td><td>ಹೆಚ್ಚು</td><td>ಬೇಕಿಲ್ಲ</td></tr>
  <tr><td>50 ಕೆ.ಜಿ. ಚೀಲಕ್ಕೆ ಶುದ್ಧ ಬೀಜ</td><td>ಸುಮಾರು 40 ಕೆ.ಜಿ.</td><td>ಸುಮಾರು 25–28 ಕೆ.ಜಿ.</td></tr>
</table>
```

ಕೊನೆಯ ಸಾಲಿನ ಬಗ್ಗೆ ಚರ್ಚೆ ನಡೆಯಿತು. ಕೊಡಗಿನ ವ್ಯಾಪಾರದಲ್ಲಿ ಚೆರಿಯ ಬೆಲೆ ನಿಂತಿರುವುದೇ ಔಟ್‌ಟರ್ನ್ ಮೇಲೆ, ಅಂದರೆ 50 ಕೆ.ಜಿ. ಚೀಲವನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರ್‌ಗೆ ಹಾಕಿದಾಗ ಎಷ್ಟು ಕೆ.ಜಿ. ಶುದ್ಧ ಬೀಜ ಬರುತ್ತದೆ ಎಂಬ ಲೆಕ್ಕದ ಮೇಲೆ. ಬೇರೆ ಪುಟಗಳ ಕೋಷ್ಟಕಗಳಲ್ಲಿ ರುಚಿ, ಪರಿಮಳ, ಗುಣಮಟ್ಟ ಎಂಬ ಸಾಲುಗಳಿದ್ದವು. ಅವುಗಳಲ್ಲಿ ಒಂದು ಕಡೆ 'ಉತ್ತಮ', ಇನ್ನೊಂದು ಕಡೆ 'ಸಾಧಾರಣ' ಎಂದಿರುತ್ತಿತ್ತು. ಅಂಥ ಕೋಣೆಗಳಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ, ಮತ್ತು ಚೆನ್ನಾಗಿ ಒಣಗಿಸಿದ ಚೆರಿಯ ವಿಷಯದಲ್ಲಿ ಅದು ಅನ್ಯಾಯವೂ ಹೌದು. ಔಟ್‌ಟರ್ನ್ ಸಾಲು ಮಾತ್ರ ಬೆಳೆಗಾರನೂ ಕೊಳ್ಳುವವನೂ ನಿಜವಾಗಿ ಹುಡುಕುವ ಸಂಗತಿ. 'ಸುಮಾರು' ಎಂಬ ಪದವನ್ನು ಕೋಣೆಯ ಒಳಗೇ ಇಟ್ಟೆವು. ಕೋಷ್ಟಕದ ಕೆಳಗೆ ನಕ್ಷತ್ರದ ಗುರುತು ಹಾಕಿ ಅಡಿಟಿಪ್ಪಣಿ ಬರೆದಿದ್ದರೆ ಪೆಟ್ಟಿಗೆಗೆ ಹೋಗುವಾಗ ಅದು ಹಿಂದೆ ಉಳಿಯುತ್ತಿತ್ತು.

ಹಳೆಯ ಕೋಷ್ಟಕದ ಕೊನೆಯಲ್ಲಿ ಎರಡೂ ಕಂಬಗಳನ್ನು ಬೆಸೆದು ಆ ದಿನದ ದರ ಬರೆದಿದ್ದರು. ಬೆಸೆದ ಕೋಣೆಗಳಿದ್ದರೆ ಯಾವ ಬೆಲೆ ಯಾವ ಕಂಬದ್ದು ಎಂಬ ಗೊಂದಲವಾಗುತ್ತದೆಂದು ದರವನ್ನು ಹೊರಗೆ ತೆಗೆದು, ಕೆಳಗೆ ಒಂದು ಪ್ಯಾರಾದಲ್ಲಿ ಇಟ್ಟೆವು.

ಪುಟವನ್ನು ಪ್ರಕಟಿಸಿ, ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮರುಸೂಚಿಗೆ, ಅಂದರೆ ಗೂಗಲ್ ಪುಟವನ್ನು ಮತ್ತೆ ಓದಿ ಸೇರಿಸಿಕೊಳ್ಳುವಂತೆ, ಕೋರಿ ಕಾದೆವು. ಪೆಟ್ಟಿಗೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಸರ್ಚ್ ಕನ್ಸೋಲ್ ಪ್ರತ್ಯೇಕವಾಗಿ ಹೇಳುವುದಿಲ್ಲ, ಅದಕ್ಕೆ ಸೋಸುವ ಆಯ್ಕೆಯೂ ಇಲ್ಲ. ಖಾಸಗಿ ಕಿಟಕಿಯಲ್ಲಿ ಪ್ರಶ್ನೆಯನ್ನು ಬೆರಳಚ್ಚಿಸಿ ಕಣ್ಣಾರೆ ನೋಡಬೇಕು. ಇನ್ನೊಂದು ಸುಳಿವೆಂದರೆ, ಪೆಟ್ಟಿಗೆಯ ಕೊಂಡಿಯನ್ನು ಒತ್ತಿದಾಗ ಅನೇಕ ಬಾರಿ ವಿಳಾಸದ ತುದಿಗೆ `#:~:text=` ಸೇರಿಕೊಂಡು, ಪುಟ ನೇರವಾಗಿ ಆ ವಾಕ್ಯಕ್ಕೇ ಇಳಿದು ಅದನ್ನು ಬಣ್ಣದಲ್ಲಿ ತೋರಿಸುತ್ತದೆ. ಸರಾಸರಿ ಸ್ಥಾನ ಏಕಾಏಕಿ ಒಂದರ ಹತ್ತಿರಕ್ಕೆ ಬಂದರೂ ಶಂಕಿಸಬಹುದು, ಏಕೆಂದರೆ ಪೆಟ್ಟಿಗೆಯನ್ನು ಒಂದನೆಯ ಸ್ಥಾನವೆಂದೇ ಎಣಿಸಲಾಗುತ್ತದೆ. 2020ರ ಜನವರಿಯಿಂದ ಪೆಟ್ಟಿಗೆಗೆ ಬಂದ ಪುಟವನ್ನು ಅದೇ ಮೊದಲ ಪುಟದ ಕೆಳಗಿನ ಸಾಲುಗಳಲ್ಲಿ ಮತ್ತೆ ತೋರಿಸುವುದಿಲ್ಲ. ಕೆಳಗೆ ನಮ್ಮ ಕೊಂಡಿ ಕಾಣುತ್ತಿಲ್ಲವೆಂದು ಗಾಬರಿಯಾಗುವವರಿಗೆ ಇದು ಗೊತ್ತಿರಬೇಕು.

ಅರ್ಥ ಕೇಳುವ ಪ್ರಶ್ನೆಗೆ ನಮ್ಮ ಪ್ಯಾರಾ ಪೆಟ್ಟಿಗೆಗೆ ಬಂತು. ವ್ಯತ್ಯಾಸ ಕೇಳುವ ಪ್ರಶ್ನೆಗೆ ಕೋಷ್ಟಕ ಬಂತು. ಹಂತಗಳ ಪಟ್ಟಿ ಬರಲಿಲ್ಲ. ಮೊದಲೇ ಕಂಡಂತೆ ಆ ಪ್ರಶ್ನೆಗೆ ಪುಟವು ಹತ್ತರೊಳಗೆ ಇರಲಿಲ್ಲ, ಜೊತೆಗೆ ಅಲ್ಲಿ ವಿಡಿಯೊಗಳು ಜಾಗ ಹಿಡಿದಿದ್ದವು. ಪಲ್ಪರ್ ತಿರುಗಿಸುವುದನ್ನು, ತೊಟ್ಟಿಯಲ್ಲಿ ಉಜ್ಜಿ ನೋಡುವುದನ್ನು ಓದುವುದಕ್ಕಿಂತ ನೋಡಲು ಜನ ಬಯಸುತ್ತಾರೆಂದರೆ ಅದರಲ್ಲಿ ಅಚ್ಚರಿಯಿಲ್ಲ. ಪಟ್ಟಿಯ ಪದಗಳನ್ನು ಇನ್ನಷ್ಟು ಅರೆಯುವುದರಿಂದ ಪ್ರಯೋಜನವಿಲ್ಲವೆಂದು ಅದನ್ನು ಇದ್ದಂತೆಯೇ ಬಿಟ್ಟೆವು.

ಬಂದ ಎರಡರ ನಡುವೆಯೂ ವ್ಯತ್ಯಾಸವಿತ್ತು. ಅರ್ಥದ ಪ್ರಶ್ನೆಗೆ ಪುಟ ಮೊದಲಿಗಿಂತ ಹೆಚ್ಚು ಜನರ ಕಣ್ಣಿಗೆ ಬಿದ್ದರೂ ಒತ್ತಿ ಒಳಬಂದವರು ಕಡಿಮೆಯಾದರು, ಏಕೆಂದರೆ ಉತ್ತರ ಪೆಟ್ಟಿಗೆಯಲ್ಲೇ ಮುಗಿದುಹೋಗುತ್ತಿತ್ತು. ಕೋಷ್ಟಕದಿಂದ ಮಾತ್ರ ಜನ ಬಂದರು. 25 ಮತ್ತು 28ರ ನಡುವಿನ ಅಂತರ ಏಕೆ ಬರುತ್ತದೆ, ತನ್ನ ಚೀಲದ ಔಟ್‌ಟರ್ನ್ ಎಷ್ಟೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಸಾಲೇ ಹುಟ್ಟಿಸುತ್ತಿತ್ತು, ಉತ್ತರ ಪುಟದ ಒಳಗಿತ್ತು. ಮನೆಯ ಯಜಮಾನತಿ "ಹೆಸರು ಮೇಲೆ ಬಂತು, ಜನ ಬರಲಿಲ್ಲ ಅಂದರೆ ನಮಗೇನು ಬಂತು?" ಎಂದು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅರ್ಥದ ಪ್ಯಾರಾವನ್ನು ಬೇಕೆಂದೇ ಅಪೂರ್ಣವಾಗಿ ಬರೆದು ಓದುಗನನ್ನು ಎಳೆದು ತರುವ ಉಪಾಯವನ್ನು ಕೆಲವರು ಮಾಡುತ್ತಾರೆ. ನಾನು ಅದಕ್ಕೆ ಒಪ್ಪಲಿಲ್ಲ. ಅಪೂರ್ಣ ಅರ್ಥವನ್ನು ಬಿಟ್ಟು ಗೂಗಲ್ ಬೇರೆ ಪುಟದ ಪೂರ್ಣ ಅರ್ಥವನ್ನು ಎತ್ತಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ತೊಂದರೆ ಕೊಟ್ಟದ್ದು ದರದ ಪ್ಯಾರಾ. ಕೊಯ್ಲಿನ ಕಾಲ ಕಳೆದ ಮೇಲೂ ಪುಟದಲ್ಲಿ ಹಳೆಯ ದರ ಉಳಿದಿತ್ತು, ಚೆರಿಯ ಬೆಲೆ ಕೇಳುವ ಒಂದು ಪ್ರಶ್ನೆಗೆ ಅದೇ ಪ್ಯಾರಾ ಪೆಟ್ಟಿಗೆಗೆ ಏರಿತು. ಬೆಳೆಗಾರರೊಬ್ಬರು ಅದನ್ನು ನೋಡಿಕೊಂಡು ಫೋನ್ ಮಾಡಿ, ಆ ದರಕ್ಕೆ ಕೊಳ್ಳುವಿರಾ ಎಂದು ಕೇಳಿದರು. ದಿನದಿನಕ್ಕೆ ಬದಲಾಗುವ ಸಂಗತಿ ಆ ಪೆಟ್ಟಿಗೆಗೆ ತಕ್ಕದ್ದಲ್ಲ. ತುಣುಕು ತೋರಿಸಬೇಡವೆಂದು ಹೇಳುವ `nosnippet` ಅನ್ನು ಇಡೀ ಪುಟಕ್ಕೆ ಹಾಕಿದರೆ ಪ್ಯಾರಾ, ಕೋಷ್ಟಕ ಎರಡೂ ಕೈತಪ್ಪುತ್ತಿದ್ದವು. ತುಣುಕಿನ ಉದ್ದಕ್ಕೆ ಮಿತಿ ಹಾಕುವ `max-snippet` ಅನ್ನು ಇಳಿಸಿದರೂ ಅದು ಇಡೀ ಪುಟಕ್ಕೇ ಅನ್ವಯಿಸುತ್ತದೆ. ಆದ್ದರಿಂದ ದರದ ಭಾಗವನ್ನಷ್ಟೇ ಹೀಗೆ ಸುತ್ತಲಾಯಿತು:

```html
<div data-nosnippet>
  <p>ಇಂದಿನ ಖರೀದಿ ದರಕ್ಕೆ ಕರೆ ಮಾಡಿ.</p>
</div>
```

ಈ ಗುಣವನ್ನು `<div>`, `<span>`, `<section>` ಈ ಮೂರಕ್ಕೆ ಮಾತ್ರ ಹಾಕಬಹುದು. `<p>`ಗೆ ನೇರವಾಗಿ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಗೂಗಲ್ ಪುಟವನ್ನು ಮತ್ತೆ ಓದುವವರೆಗೆ ಹಳೆಯ ತುಣುಕು ಉಳಿಯುತ್ತದೆಯಾದ್ದರಿಂದ ಮರುಸೂಚಿಗೆ ಇನ್ನೊಮ್ಮೆ ಕೋರಬೇಕಾಯಿತು.

ಪೆಟ್ಟಿಗೆ ಒಮ್ಮೆ ಸಿಕ್ಕರೆ ಉಳಿಯುತ್ತದೆ ಎಂಬ ಖಾತರಿಯಿಲ್ಲ. ಅರ್ಥದ ಪ್ಯಾರಾ ನಡುವೆ ಕೆಲವು ದಿನ ಕಾಣೆಯಾಗಿ, ಬೇರೆ ಪುಟದ್ದು ಬಂದು, ನಾವು ಏನನ್ನೂ ಬದಲಿಸದೆಯೇ ಮರಳಿತು. ಇಂಥ ಸಮಯದಲ್ಲಿ ಪ್ಯಾರಾವನ್ನು ತಕ್ಷಣ ಮತ್ತೆ ಬರೆಯಲು ಹೊರಟರೆ ಯಾವ ಬದಲಾವಣೆಯಿಂದ ಏನಾಯಿತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಈಗ ಪ್ರತಿ ತಿದ್ದುಪಡಿಯ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಆ ದಿನಾಂಕದ ಹಿಂದಿನ ಮತ್ತು ಮುಂದಿನ ಸಮಾನ ಅವಧಿಗಳನ್ನು ಪರ್ಫಾರ್ಮೆನ್ಸ್ ವರದಿಯಲ್ಲಿ ಹೋಲಿಸಲಾಗುತ್ತಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ರೊಬಸ್ಟಾ ಕೊಯ್ಲಿನ ಜನವರಿ–ಫೆಬ್ರವರಿಯನ್ನು ಮಳೆಗಾಲದ ತಿಂಗಳುಗಳೊಂದಿಗೆ ಹೋಲಿಸಿದರೆ ಹುಡುಕುವವರ ಸಂಖ್ಯೆಯೇ ಬೇರೆಯಾಗಿರುವುದರಿಂದ, ಹೋಲಿಕೆಯನ್ನು ಹಿಂದಿನ ವರ್ಷದ ಅದೇ ತಿಂಗಳುಗಳೊಂದಿಗೆ ಮಾಡಬೇಕಾಗುತ್ತದೆ. ಆ ವರದಿಯಲ್ಲಿ ಸಿಗುವುದು 16 ತಿಂಗಳ ಮಾಹಿತಿ ಮಾತ್ರವಾದ್ದರಿಂದ, ಕೊಯ್ಲು ಮುಗಿದ ಕೂಡಲೇ ಆ ಅಂಕಿಗಳನ್ನು ಇಳಿಸಿಟ್ಟುಕೊಳ್ಳುವ ಕೆಲಸವನ್ನು ಮನೆಯ ಲೆಕ್ಕ ನೋಡುವವರಿಗೆ ವಹಿಸಲಾಗಿದೆ.